ಜಿಪ್ ಕೊಟ್ಟು "ಇದನ್ನ ಸ್ವಲ್ಪ ಜೋಡಿಸಿಡಮ್ಮ" ಅಂದರು, ಅಷ್ಟೇ. ಹೇಗೆ ಜೋಡಿಸಬೇಕಿತ್ತು?

ಸಾಗರದ ಚೈತ್ರ

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಸಿವಿಲ್ ಕನ್ಸಲ್ಟೆನ್ಸಿ ಆಫೀಸಿಗೆ ಸೇರಿ ನಾಲ್ಕು ತಿಂಗಳಾಯ್ತು. ಪ್ಲಾನು, ಸರ್ವೆ, ಎಸ್ಟಿಮೇಟು, ಬಿಲ್ಲು ಎಲ್ಲ ನಮ್ಮಲ್ಲೇ ಆಗುತ್ತದೆ. ಹೋದ ಶುಕ್ರವಾರ ನಮ್ಮ ಸರ್ ಊರಿಗೆ ಹೊರಡುವ ಮುಂಚೆ ಪೆನ್‌ಡ್ರೈವ್ ಕೈಗೆ ಕೊಟ್ಟು "ಇದನ್ನ ಸ್ವಲ್ಪ ಜೋಡಿಸಿಡಮ್ಮ" ಅಂದರು. ಅಷ್ಟೇ ಹೇಳಿದ್ದು. ಒಳಗೆ `Docs_all.zip`, ಅದರಲ್ಲಿ 1,214 ಫೈಲು. ಆಟೋಕ್ಯಾಡ್ ಡ್ರಾಯಿಂಗು, ಎಕ್ಸೆಲ್, ಪಹಣಿ ಪಿಡಿಎಫ್, ಸೈಟ್ ಫೋಟೊ, ನುಡಿಯಲ್ಲಿ ಟೈಪ್ ಮಾಡಿದ ಪತ್ರಗಳು, ಮನೆಯವರ ಪ್ರವಾಸದ ಫೋಟೊ ಕೂಡ. ಕೆಲವು ಫೋಲ್ಡರ್‌ನಲ್ಲಿದ್ದವು, ಮುನ್ನೂರಕ್ಕೂ ಜಾಸ್ತಿ ಫೈಲು ಹೊರಗೇ ಬಿದ್ದಿದ್ದವು.

ಎರಡು ದಿನ ಕೂತು ಬಗೆ ಪ್ರಕಾರ ಬೇರೆ ಮಾಡಿದೆ. ಡ್ರಾಯಿಂಗ್ ಒಂದು ಫೋಲ್ಡರ್, ಸರ್ವೆ ನಕ್ಷೆ ಒಂದು, ಎಕ್ಸೆಲ್ ಒಂದು, ಪಿಡಿಎಫ್ ಒಂದು, ಫೋಟೊ ಒಂದು, ವರ್ಡ್ ಒಂದು. `.bak` ಥರದ್ದನ್ನೆಲ್ಲ "ಬೇಡದ್ದು" ಅಂತ ಒಂದು ಫೋಲ್ಡರ್‌ಗೆ ಹಾಕಿದೆ. ನೋಡಲಿಕ್ಕೆ ಚೆನ್ನಾಗಿತ್ತು.

ಸೋಮವಾರ ಸರ್ ಬಂದು ಕಾಲುಸಂಕದ ಎಸ್ಟಿಮೇಟ್ ತೆಗೆದರು. ಮೊತ್ತ 11,84,300 ರೂಪಾಯಿ ಇರಬೇಕಾದ ಕಡೆ 9,02,750 ತೋರಿಸಿತು. ಡ್ರಾಯಿಂಗ್ ತೆಗೆದರೆ ಹಿನ್ನೆಲೆಯ ಸರ್ವೆ ನಕ್ಷೆಯೇ ಇಲ್ಲ. ಆ ಫೈಲುಗಳ ಒಳಗೆ ನಾನು ಒಂದಕ್ಷರ ಮುಟ್ಟಿಲ್ಲ, ಜಾಗ ಬದಲಿಸಿದ್ದು ಮಾತ್ರ. ಎಲ್ಲಿ ತಪ್ಪಿದ್ದು? ಮತ್ತೆ ಹೇಗೆ ಮಾಡಲಿ? ಜಿಪ್ ಹಾಗೇ ಇದೆ.

ಗಣಕಪ್ರಿಯ

ಜಿಪ್ ಸೈಜ್ ಎಷ್ಟು? 25 ಎಂಬಿ ದಾಟಿದ್ದರೆ ಜಿಮೇಲ್‌ನಲ್ಲಿ ಅಟ್ಯಾಚ್ ಆಗುವುದಿಲ್ಲ. ಸೆವೆನ್ ಜಿಪ್‌ನಲ್ಲಿ ಭಾಗ ಮಾಡಿ ಕಳಿಸಬಹುದು.

ಸಾಗರದ ಚೈತ್ರ

ಕಳಿಸುವುದೇನೂ ಇಲ್ಲ ಸರ್. ಜೋಡಿಸುವುದು ಹೇಗೆ ಅಂತ ಕೇಳಿದ್ದು.

ಶಿವಮೊಗ್ಗ ರಾಘು

ಬಗೆ ಪ್ರಕಾರ ಜೋಡಿಸಿದ್ದರಲ್ಲಿ ತಪ್ಪೇನಿಲ್ಲ, ನಾನೂ ಹಾಗೇ ಮಾಡುವುದು. ನಿಮಗೆ ಆಗಿದ್ದು ಲಿಂಕ್ ಸಮಸ್ಯೆ. ಎಕ್ಸೆಲ್‌ನಲ್ಲಿ Edit Links ಒಳಗೆ ಹೋಗಿ ಸರಿ ಫೈಲ್ ತೋರಿಸಿ, ಮುಗೀತು. ಹಾಗೇ ಹೆಸರಿನ ಕೊನೆಗೆ (1), (2) ಇರುವುದನ್ನೆಲ್ಲ ಅಳಿಸಿಬಿಡಿ, ಅವೆಲ್ಲ ನಕಲು. ಅರ್ಧ ಭಾರ ಅಲ್ಲೇ ಇಳಿಯುತ್ತದೆ.

ಡ್ರಾಯಿಂಗ್ ಬೋರ್ಡ್

ರಾಘು ಅವರೇ, ಲಿಂಕ್ ವಿಷಯ ಸರಿ. (1) ಅಳಿಸಿ ಅಂದಿದ್ದು ಮಾತ್ರ ಸರಿಯಲ್ಲ, ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಅದಕ್ಕೆ ಆಮೇಲೆ ಬರುತ್ತೇನೆ.

ಚೈತ್ರ, ಹದಿನೆಂಟು ವರ್ಷ ಇದೇ ಕೆಲಸದಲ್ಲಿದ್ದೇನೆ. ನಿಮ್ಮ ಹಾಗೆ ಕೊಟ್ಟ ರಾಶಿ ಎಷ್ಟೋ ಜೋಡಿಸಿದ್ದೇನೆ, ಹಾಳೂ ಮಾಡಿದ್ದೇನೆ. ಮೊದಲು ಒಂದು ಮಾತು ಹೇಳಿ. ಆ ಜಿಪ್ ಒಳಗೆ ಬೇರೆ ಬೇರೆ ಕೆಲಸದ ಫೋಲ್ಡರ್‌ಗಳಲ್ಲಿ ಒಂದೇ ಹೆಸರಿನ ಫೈಲು ಇತ್ತಾ? `MB.xlsx`, `topo.dwg` ಅಂತ?

ಸಾಗರದ ಚೈತ್ರ

ಹೌದು! ಕಾಲುಸಂಕ, ಶಾಲೆ ಕಾಂಪೌಂಡ್, ಅಡಿಕೆ ಗೋದಾಮು ಮೂರರಲ್ಲೂ `Estimate.xlsx` ಮತ್ತು `MB.xlsx` ಇತ್ತು. ಒಂದೇ ಫೋಲ್ಡರ್‌ಗೆ ಹಾಕುವಾಗ ವಿಂಡೋಸ್ ಕೇಳಿತು. ಎರಡನ್ನೂ ಇಟ್ಟುಕೋ ಅಂತ ಒತ್ತಿದೆ. ಆದರೆ ಮೊದಲ ದಿನ ಒಂದೆರಡು ಸಲ Replace ಒತ್ತಿರಬಹುದು, ನೆನಪಿಲ್ಲ.

ಡ್ರಾಯಿಂಗ್ ಬೋರ್ಡ್

ಸಿಕ್ಕಿತು. ಹೇಳುತ್ತೇನೆ ನೋಡಿ.

ಕಾಲುಸಂಕದ ಎಸ್ಟಿಮೇಟ್ ತನ್ನ ಅಳತೆಗಳನ್ನು ಪಕ್ಕದ `MB.xlsx`ನಿಂದ ತರುತ್ತದೆ. ಪಕ್ಕದ ಅಂದರೆ ಅದೇ ಫೋಲ್ಡರ್‌ನಲ್ಲಿರುವ. ಎಕ್ಸೆಲ್ ಅದನ್ನು "ನನ್ನ ಜೊತೆ ಇರುವ MB" ಅಂತಲೇ ನೆನಪಿಟ್ಟುಕೊಳ್ಳುತ್ತದೆ. ನೀವು ಮೂರೂ ಕೆಲಸದ ಎಕ್ಸೆಲ್ ಒಂದೇ ಕಡೆ ಹಾಕಿದಿರಿ. ಮೊದಲು ಹೋದ ಶಾಲೆ ಕಾಂಪೌಂಡಿನ `MB.xlsx` ಆ ಹೆಸರು ಉಳಿಸಿಕೊಂಡಿತು. ಆಮೇಲೆ ಬಂದ ಕಾಲುಸಂಕದ್ದು `MB (2).xlsx` ಆಯ್ತು. ನಿಮ್ಮ ಸರ್ ಎಸ್ಟಿಮೇಟ್ ತೆಗೆದರು, ಎಕ್ಸೆಲ್ "ಅಪ್‌ಡೇಟ್ ಮಾಡಲಾ" ಅಂತ ಕೇಳಿತು, ಹೂಂ ಅಂದರು. ಕಾಲುಸಂಕದ ಲೆಕ್ಕಕ್ಕೆ ಕಾಂಪೌಂಡಿನ ಅಳತೆ ಬಂದು ಕೂತಿತು. ಒಂದು ಎರರ್ ಕೂಡ ಬರಲಿಲ್ಲ, ಅಲ್ವಾ? ಫೈಲ್ ಸಿಗದಿದ್ದರೆ ಕೂಗಾಡುತ್ತಿತ್ತು. ತಪ್ಪು ಫೈಲ್ ಸಿಕ್ಕಿತು, ಸುಮ್ಮನಾಯಿತು. ನಿಮ್ಮ ಸರ್‌ಗೆ ಮೊತ್ತ ನೆನಪಿದ್ದದ್ದಕ್ಕೆ ಗೊತ್ತಾಯಿತು. ಇಲ್ಲದಿದ್ದರೆ ಹಾಗೇ ಪ್ರಿಂಟ್ ಆಗಿ ಹೋಗುತ್ತಿತ್ತು.

ಡ್ರಾಯಿಂಗ್‌ನದ್ದೂ ಇದೇ ಕಥೆ. ಕಾಲುಸಂಕದ ಪ್ಲಾನ್ ಒಳಗೆ ಸರ್ವೆ ನಕ್ಷೆ ಇರುವುದಿಲ್ಲ. ಅದು ಬೇರೆ `.dwg`, ಎಕ್ಸ್‌ರೆಫ್ ಆಗಿ ಕೂತಿರುತ್ತದೆ. ಆಟೋಕ್ಯಾಡ್ ಮೊದಲು ಬರೆದಿಟ್ಟ ದಾರಿಯಲ್ಲಿ ಹುಡುಕುತ್ತದೆ. ಅಲ್ಲಿ ಇಲ್ಲದಿದ್ದರೆ ಡ್ರಾಯಿಂಗ್ ಇರುವ ಫೋಲ್ಡರ್‌ನಲ್ಲೂ ನೋಡುತ್ತದೆ. ನಿಮಗೆ ಸಿಗಲಿಲ್ಲ, ಒಳ್ಳೆಯದೇ ಆಯ್ತು. ಬೇರೆ ಕೆಲಸದ ಅದೇ ಹೆಸರಿನ `topo.dwg` ಅಲ್ಲಿ ಇದ್ದಿದ್ದರೆ, ಒಂದೂರಿನ ಹೊಳೆಯ ಮೇಲೆ ಇನ್ನೊಂದೂರಿನ ಕಾಲುಸಂಕ ಕೂತಿರುತ್ತಿತ್ತು.

ಈ ಥರದ ಕೆಲಸದಲ್ಲಿ ಫೋಲ್ಡರ್ ಕೂಡ ಫೈಲಿನ ಹೆಸರಿನ ಭಾಗವೇ. ಮೂರು ಮನೆಯಲ್ಲಿ ಮೂವರು ಗಣೇಶ ಇದ್ದರೆ ಮನೆ ಹೆಸರು ಸೇರಿಸಿ ಕರೆಯುತ್ತೇವೆ. ಮೂವರನ್ನೂ ಒಂದೇ ಮನೆಯಲ್ಲಿ ಕೂರಿಸಿ ಗಣೇಶ ಅಂತ ಕೂಗಿದರೆ ಯಾರು ಬರುತ್ತಾರೋ ಹೇಳಲಾಗದು.

ಪಶ್ಚಿಮದ ಗಾಳಿ

ನಮ್ಮಲ್ಲಿ ಜಿಐಎಸ್ ಕೆಲಸ. `.shp`, `.shx`, `.dbf`, `.prj` ನಾಲ್ಕೂ ಸೇರಿ ಒಂದು ನಕ್ಷೆ. ಹೊಸ ಹುಡುಗ ಒಬ್ಬ ಬಗೆ ಪ್ರಕಾರ ಬೇರೆ ಮಾಡಿ, `.dbf` ಎಲ್ಲ ಡೇಟಾಬೇಸ್ ಅಂತ ಇನ್ನೊಂದು ಫೋಲ್ಡರ್‌ಗೆ ಹಾಕಿದ್ದ. ಒಂದು ನಕ್ಷೆಯೂ ತೆರೆಯಲಿಲ್ಲ. ಅವನ ಮೇಲೆ ಸಿಟ್ಟು ಬರಲಿಲ್ಲ, ಯಾರೂ ಅವನಿಗೆ ಹೇಳಿರಲಿಲ್ಲ.

ಹಳೇ ಡಿಟಿಪಿ

ಪೇಜ್‌ಮೇಕರ್ ಕಾಲದಲ್ಲಿ ನಮಗೂ ಇದೇ ಗೋಳು. ಪುಸ್ತಕದ ಫೈಲ್ ಒಂದು ಕಡೆ, ಚಿತ್ರಗಳು ಇನ್ನೊಂದು ಕಡೆ ಆದರೆ ಪ್ರಿಂಟ್‌ಗೆ ಕೊಡುವಾಗ ಚಿತ್ರದ ಜಾಗದಲ್ಲಿ ಮಸುಕು ಮಸುಕು. ತೆರೆಯ ಮೇಲೆ ಪರವಾಗಿಲ್ಲ ಅನಿಸುತ್ತದೆ, ಕಾಗದದಲ್ಲಿ ಗೊತ್ತಾಗುತ್ತದೆ. ಅದಕ್ಕೆ ಒಂದು ಪುಸ್ತಕ, ಒಂದು ಫೋಲ್ಡರ್. ಫಾಂಟ್ ಕೂಡ ಅದರೊಳಗೇ.

ಶಿವಮೊಗ್ಗ ರಾಘು

ಒಪ್ಪಿದೆ, ಡ್ರಾಯಿಂಗ್ ಮತ್ತು ಎಕ್ಸೆಲ್ ಜೊತೆಗಿರಲಿ. ಆದರೆ (1) ಇರುವುದು ನಕಲಲ್ಲದೆ ಇನ್ನೇನು? ಒಂದೇ ಫೈಲ್ ಎರಡು ಸಲ ಡೌನ್‌ಲೋಡ್ ಮಾಡಿದರೆ ತಾನೇ ಹಾಗೆ ಬರುವುದು?

ಡ್ರಾಯಿಂಗ್ ಬೋರ್ಡ್

ಒಂದೇ *ಹೆಸರಿನ* ಫೈಲ್ ಎರಡು ಸಲ ಇಳಿದರೆ ಹಾಗೆ ಬರುತ್ತದೆ. ಚೈತ್ರ, ನಿಮ್ಮ ಪಹಣಿ ಪಿಡಿಎಫ್‌ಗಳ ಹೆಸರು ಹೇಗಿವೆ?

ಸಾಗರದ ಚೈತ್ರ

`RTC.pdf`, `RTC (1).pdf`, `RTC (2).pdf`... ಹೀಗೆ `RTC (23).pdf` ತನಕ. ಈಗ ಒಂದೊಂದೇ ತೆಗೆದು ನೋಡುತ್ತಿದ್ದೇನೆ. ಅಯ್ಯೋ, ಹೆಚ್ಚಿನವು ಬೇರೆ ಬೇರೆ ಸರ್ವೆ ನಂಬರ್!

ಶಿವಮೊಗ್ಗ ರಾಘು

ಸರಿ, ಒಪ್ಪಿದೆ. ನಾನು ನನ್ನ ಕಂಪ್ಯೂಟರ್‌ನಲ್ಲಿ ಎಷ್ಟು ಅಳಿಸಿದ್ದೇನೋ ಈಗ ನೋಡಬೇಕು.

ಡ್ರಾಯಿಂಗ್ ಬೋರ್ಡ್

ಹೆಸರು ನೋಡಿ ಫೈಲ್ ಎಲ್ಲಿಂದ ಬಂತು ಅಂತ ಊಹಿಸಬಹುದು ರಾಘು. ಬ್ರೌಸರ್ ಸಾಮಾನ್ಯವಾಗಿ (1)ರಿಂದ ಶುರು ಮಾಡುತ್ತದೆ. ವಿಂಡೋಸ್‌ನಲ್ಲಿ "ಎರಡೂ ಇರಲಿ" ಅಂದಾಗ ಬರುವುದು (2)ರಿಂದ. ಅದೇ ಫೋಲ್ಡರ್‌ನಲ್ಲಿ ಕಾಪಿ ಮಾಡಿ ಪೇಸ್ಟ್ ಮಾಡಿದರೆ `- Copy` ಅಂತ ಬರುತ್ತದೆ. ಹಾಗಾಗಿ `- Copy` ಇದ್ದರೆ ನಿಜವಾಗಿ ನಕಲಾಗಿ ಶುರುವಾದದ್ದು, ಆಮೇಲೆ ಅದರಲ್ಲೇ ಯಾರೋ ಕೆಲಸ ಮಾಡಿರಬಹುದು. (1) ಇದ್ದರೆ ಏನೂ ಹೇಳಲಾಗದು. ಒಳಗಿನದ್ದು ಒಂದೇನಾ ಅಂತ ನೋಡಬೇಕಾದರೆ ಹ್ಯಾಶ್ ತೆಗೆಯಬೇಕು. ಪವರ್‌ಶೆಲ್‌ನಲ್ಲಿ ಬಿಚ್ಚಿದ ಫೋಲ್ಡರ್ ಒಳಗೆ ನಿಂತು ಇದನ್ನು ಕೊಡಿ:

```
Get-ChildItem -Recurse -File -Force | Get-FileHash | Export-Csv D:\patti.csv -NoTypeInformation
```

ಪ್ರತಿ ಫೈಲಿಗೂ ಒಂದು ಉದ್ದನೆಯ ಗುರುತು ಬರುತ್ತದೆ. ಎಕ್ಸೆಲ್‌ನಲ್ಲಿ Hash ಕಾಲಂ ಪ್ರಕಾರ ಜೋಡಿಸಿ. ಗುರುತು ಒಂದೇ ಇದ್ದರೆ ಒಳಗಿನದ್ದೂ ಒಂದೇ, ಹೆಸರು ಏನೇ ಇರಲಿ. ಪಟ್ಟಿಯನ್ನು ಆ ಫೋಲ್ಡರ್ ಒಳಗೇ ಬರೆಸಬೇಡಿ, ಬೇರೆ ಕಡೆ ಇಡಿ.

ಸಾಗರದ ಚೈತ್ರ

ಮಾಡಿದೆ ಸರ್. ಪಟ್ಟಿ ಬಂತು. ಆದರೆ ಕನ್ನಡ ಹೆಸರಿನ ಫೈಲುಗಳೆಲ್ಲ `????????.docx` ಅಂತ ಕಾಣುತ್ತಿವೆ.

ಬೆಂಗಳೂರು ಬಸ್ಸು

ವಿಂಡೋಸ್ ಜೊತೆ ಬರುವ ಪವರ್‌ಶೆಲ್ 5.1ರಲ್ಲಿ Export-Csv ಬರೀ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುತ್ತದೆ, ಕನ್ನಡ ಸಿಕ್ಕರೆ ಪ್ರಶ್ನೆ ಚಿಹ್ನೆ ಹಾಕಿಬಿಡುತ್ತದೆ. ಕೊನೆಗೆ `-Encoding UTF8` ಸೇರಿಸಿ ಮತ್ತೊಮ್ಮೆ ಕೊಡಿ. ಫೈಲುಗಳಿಗೆ ಏನೂ ಆಗಿಲ್ಲ, ಪಟ್ಟಿಯಲ್ಲಿ ಮಾತ್ರ.

ಸಾಗರದ ಚೈತ್ರ

ಸರಿಯಾಯ್ತು, ಧನ್ಯವಾದ. ಪಹಣಿ 24ರಲ್ಲಿ ನಿಜವಾದ ನಕಲು 3 ಮಾತ್ರ. ಒಟ್ಟು 1,214ರಲ್ಲಿ 96 ಫೈಲು ಇನ್ನೊಂದರ ತದ್ರೂಪು. ಈ 96 ಅಳಿಸಲಾ?

ಡ್ರಾಯಿಂಗ್ ಬೋರ್ಡ್

ಬೇಡ. ಆ 96ರಲ್ಲಿ `border.dwg` ಎಷ್ಟಿವೆ ನೋಡಿ.

ಸಾಗರದ ಚೈತ್ರ

31! ಪ್ರತಿ ಕೆಲಸದ ಫೋಲ್ಡರ್‌ನಲ್ಲೂ ಒಂದು. ಆಫೀಸಿನ ಹೆಸರಿರುವ ಚೌಕಟ್ಟು ಅದು.

ಡ್ರಾಯಿಂಗ್ ಬೋರ್ಡ್

ಪ್ರತಿ ಕೆಲಸದ ಶೀಟ್ ತನ್ನ ಪಕ್ಕದ ಚೌಕಟ್ಟನ್ನು ಹುಡುಕುತ್ತದೆ. ಒಂದು ಉಳಿಸಿ ಮೂವತ್ತು ಅಳಿಸಿದರೆ ಮೂವತ್ತು ಕೆಲಸದ ಶೀಟು ಬೋಳಾಗುತ್ತದೆ. ತದ್ರೂಪು ಹೌದು, ಬೇಡದ್ದಲ್ಲ.

ನಾನು ಪಾಲಿಸುವ ಒಂದು ನಿಯಮ ಹೇಳುತ್ತೇನೆ. ಜೋಡಿಸು ಅಂದರೆ ಜಾಗ ಬದಲಿಸಲಿಕ್ಕೆ ಒಪ್ಪಿಗೆ ಕೊಟ್ಟ ಹಾಗೆ. ಅಳಿಸಲಿಕ್ಕೆ ಕೊಟ್ಟ ಹಾಗಲ್ಲ. ಹೆಸರು ಬದಲಿಸಲಿಕ್ಕೂ ಅಲ್ಲ. ಅವೆರಡಕ್ಕೆ ಬೇರೆಯಾಗಿ ಕೇಳಬೇಕು.

ಉಡುಪಿ ಅಮ್ಮ

ನಂದೂ ಒಂದು ಕೇಳಿ. ಮಗಳ ಮದುವೆ ಫೋಟೊ ಎರಡು ಸಾವಿರ ಇದೆ. ಅದರಲ್ಲಿ ವಾಟ್ಸಾಪ್‌ನಲ್ಲಿ ಬಂದದ್ದು, ಕ್ಯಾಮರಾದವರು ಕೊಟ್ಟದ್ದು ಎಲ್ಲ ಬೆರೆತಿದೆ. ಈ ಹ್ಯಾಶ್ ಅನ್ನುವುದು ಅದಕ್ಕೂ ಆಗುತ್ತದಾ?

ಬೆಂಗಳೂರು ಬಸ್ಸು

ಪೂರ್ತಿ ಆಗುವುದಿಲ್ಲ ಅಮ್ಮ. ಕ್ಯಾಮರಾದ ಮೂಲ ಫೋಟೊ ಮತ್ತು ಅದೇ ಫೋಟೊ ವಾಟ್ಸಾಪ್‌ನಲ್ಲಿ ಬಂದದ್ದು ಕಣ್ಣಿಗೆ ಒಂದೇ. ಆದರೆ ವಾಟ್ಸಾಪ್ ಅದನ್ನು ಸಣ್ಣದು ಮಾಡಿ ಕಳಿಸಿರುತ್ತದೆ, ಹಾಗಾಗಿ ಹ್ಯಾಶ್ ಬೇರೆ ಬರುತ್ತದೆ. ಹೆಸರು `IMG-20230811-WA0014.jpg` ಥರ ಇದ್ದರೆ ಅದು ವಾಟ್ಸಾಪ್‌ದು. ಅದರಲ್ಲಿರುವ ದಿನಾಂಕ ಫೋಟೊ ತೆಗೆದ ದಿನವಲ್ಲ, ವಾಟ್ಸಾಪ್‌ನಲ್ಲಿ ಬಂದ ಅಥವಾ ಕಳಿಸಿದ ದಿನ. ಮೊದಲು ಅವನ್ನೆಲ್ಲ ಒಂದು ಕಡೆ ಮಾಡಿ. ಆಮೇಲೆ ಮೂಲ ಇರುವುದನ್ನು ಕಣ್ಣಲ್ಲೇ ನೋಡಿ ಹೊಂದಿಸಿ.

ಡ್ರಾಯಿಂಗ್ ಬೋರ್ಡ್

ಚೈತ್ರ ಅವರಿಗೂ ಇದು ಬೇಕಾದದ್ದೇ. ಸೈಟ್ ಫೋಟೊ ವಾಟ್ಸಾಪ್‌ನಲ್ಲಿ ಬಂದರೆ ತೆಗೆದ ಸಮಯ, ಜಾಗದ ಗುರುತು ಎರಡೂ ಹೋಗಿರುತ್ತವೆ. ಬಿಲ್ ಜೊತೆ ಜಿಯೋ ಟ್ಯಾಗ್ ಇರುವ ಫೋಟೊ ಕೇಳಿದರೆ ಇದು ಉಪಯೋಗಕ್ಕೆ ಬರಲ್ಲ. ಮೂಲ ಫೋಟೊ ಸಿಕ್ಕರೆ ಅದನ್ನು ಕಣ್ಣಿನ ಹಾಗೆ ಕಾಪಾಡಿ. ಇನ್ನು ಮುಂದೆ ಸೈಟಿನವರಿಗೆ "ಡಾಕ್ಯುಮೆಂಟ್ ಅಂತ ಕಳಿಸಿ" ಅಂತ ಹೇಳಿಬಿಡಿ.

ಗಣಕಪ್ರಿಯ

ಎಲ್ಲ ಗೂಗಲ್ ಡ್ರೈವ್‌ಗೆ ಹಾಕಿಬಿಡಿ. ಅಲ್ಲಿ ಸರ್ಚ್ ಮಾಡಿದರೆ ಸಿಗುತ್ತದೆ, ಜೋಡಿಸುವ ತಲೆನೋವೇ ಇಲ್ಲ.

ಪಶ್ಚಿಮದ ಗಾಳಿ

ಆ ರಾಶಿಯಲ್ಲಿ ಜಮೀನಿನವರ ಆಧಾರ್, ಕ್ರಯಪತ್ರ ಇರುತ್ತವೆ. ಅವರು ಪ್ಲಾನ್ ಮಾಡಿಸಲಿಕ್ಕೆ ಕೊಟ್ಟದ್ದು. ಹೊಸದಾಗಿ ಸೇರಿದವರು ಸರ್‌ಗೆ ಕೇಳದೆ ತಮ್ಮ ಅಕೌಂಟಿಗೆ ಹಾಕುವುದು ಸರಿಯಲ್ಲ.

ಹಳೇ ಡಿಟಿಪಿ

ಸರ್ಚ್ ಮಾಡಿದರೂ ನುಡಿ ಪತ್ರಗಳು ಸಿಗುವುದಿಲ್ಲ. ಹಳೆಯ ನುಡಿ, ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಒಳಗೆ ಕನ್ನಡವಾಗಿಯೇ ಇರುವುದಿಲ್ಲ. ಫಾಂಟ್ ತೆಗೆದು ನೋಡಿ, "ಕನ್ನಡ" ಅನ್ನುವುದು `PÀ£ÀßqÀ` ಅಂತ ಕಾಣುತ್ತದೆ. ಯೂನಿಕೋಡ್‌ನಲ್ಲಿ "ಕಾಲುಸಂಕ" ಅಂತ ಹುಡುಕಿದರೆ ಆ ಪತ್ರ ಎಂದೂ ಬರುವುದಿಲ್ಲ. ಹಾಗಾಗಿ ನುಡಿ ಪತ್ರಗಳನ್ನು ಒಂದೊಂದೇ ತೆರೆದು ಓದಲೇಬೇಕು. ಒಳಗೆ ಗಜಿಬಿಜಿ ಕಂಡರೆ ಹಾಳಾಗಿದೆ ಅಂತ ಎಸೆಯಬೇಡಿ. ಫಾಂಟ್ ಇಲ್ಲದೆ ಹಾಗೆ ಕಾಣುತ್ತಿದೆ, ಅಷ್ಟೇ.

ಸಾಗರದ ಚೈತ್ರ

ಅಂಥ ಹನ್ನೊಂದನ್ನು "ಬೇಡದ್ದು" ಫೋಲ್ಡರ್‌ಗೆ ಹಾಕಿದ್ದೆ. ಕರಪ್ಟ್ ಆಗಿದೆ ಅಂದುಕೊಂಡಿದ್ದೆ. ಈಗ ವಾಪಸ್ ತೆಗೆದೆ.

ಡ್ರಾಯಿಂಗ್ ಬೋರ್ಡ್

ಆ ಬೇಡದ್ದು ಫೋಲ್ಡರ್‌ನಲ್ಲಿ `.bak` ಇದೆ ಅಂದಿರಿ. `.dwg` ಪಟ್ಟಿಯನ್ನು ಸೈಜ್ ಪ್ರಕಾರ ಜೋಡಿಸಿ ನೋಡಿ. 0 ಕೆಬಿ ಇರುವುದು ಯಾವುದಾದರೂ ಇದೆಯಾ?

ಸಾಗರದ ಚೈತ್ರ

ಒಂದಿದೆ. `section_B.dwg`, 0 ಕೆಬಿ. ಕಾಲುಸಂಕದ್ದೇ. ಬೇಡದ್ದರಲ್ಲಿ `section_B.bak` 412 ಕೆಬಿ ಇದೆ.

ಡ್ರಾಯಿಂಗ್ ಬೋರ್ಡ್

ಆ `.bak` ಅಂದರೆ ಕೊನೆಯ ಸೇವ್‌ಗೆ ಮುಂಚಿನ ಡ್ರಾಯಿಂಗ್. ಅದರದ್ದೊಂದು ಕಾಪಿ ಮಾಡಿ, ಕಾಪಿಯ ಕೊನೆಗೆ `.dwg` ಅಂತ ಬದಲಿಸಿ ತೆಗೆಯಿರಿ.

ಸಾಗರದ ಚೈತ್ರ

ತೆರೆಯಿತು!! ಕಂಬದ ಅಡಿಪಾಯದ ಸೆಕ್ಷನ್ ಇದೆ. ಇದು ಸರ್ ವಾರದಿಂದ ಹುಡುಕುತ್ತಿದ್ದದ್ದು ಅನಿಸುತ್ತದೆ.

ಶಿವಮೊಗ್ಗ ರಾಘು

ಹಾಗಾದರೆ ಯಾವುದನ್ನೂ ಎಸೆಯುವ ಹಾಗೇ ಇಲ್ವಾ? `Thumbs.db`, `~$Estimate.xlsx` ಥರದ್ದು?

ಡ್ರಾಯಿಂಗ್ ಬೋರ್ಡ್

ಆ ಎರಡರಲ್ಲಿ ಕೆಲಸದ್ದೇನೂ ಇರಲ್ಲ. ಒಂದು ಚಿತ್ರದ ಸಣ್ಣ ರೂಪ ನೆನಪಿಡಲಿಕ್ಕೆ, ಇನ್ನೊಂದು ಫೈಲ್ ತೆರೆದಿದೆ ಅಂತ ಗುರುತು ಇಡಲಿಕ್ಕೆ. `.dwl` ಕೂಡ ಹಾಗೇ. ಆದರೂ ನಾನು ಅಳಿಸುವುದಿಲ್ಲ, ಒಂದು ಫೋಲ್ಡರ್‌ಗೆ ಸರಿಸುತ್ತೇನೆ. ಲೆಕ್ಕ ತಪ್ಪಬಾರದು ನೋಡಿ. 1,214 ಒಳಗೆ ಬಂದರೆ 1,214 ಇರಬೇಕು. ಚೈತ್ರ, ನೀವು ಮೊದಲು ಜೋಡಿಸಿದ್ದರಲ್ಲಿ ಎಷ್ಟಿವೆ ಎಣಿಸಿದಿರಾ?

```
(Get-ChildItem -Recurse -File -Force).Count
```

`-Force` ಬಿಡಬೇಡಿ, ಇಲ್ಲದಿದ್ದರೆ ಮರೆಯಾಗಿರುವ ಫೈಲು ಲೆಕ್ಕಕ್ಕೆ ಬರಲ್ಲ.

ಸಾಗರದ ಚೈತ್ರ

1,171 ಇವೆ ಸರ್. ಅಂದರೆ 43 ಫೈಲು Replace ಒತ್ತಿದಾಗ ಹೋಗಿವೆ. ಅದನ್ನು ಓದಿ ಕೈ ತಣ್ಣಗಾಯ್ತು.

ಡ್ರಾಯಿಂಗ್ ಬೋರ್ಡ್

ಜಿಪ್ ಇದೆಯಲ್ಲ, ಒಂದೂ ಹೋಗಿಲ್ಲ. ಗಾಬರಿ ಬೇಡ ತಂಗಿ. ಜೋಡಿಸಿದ್ದನ್ನು ಸರಿಪಡಿಸಲು ಹೋಗಬೇಡಿ, ಅದನ್ನು ಪೂರ್ತಿ ಬದಿಗಿಟ್ಟು ಜಿಪ್‌ನಿಂದ ಮತ್ತೆ ಶುರು ಮಾಡಿ. ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ.

ಜಿಪ್ ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿ, ಅದನ್ನು ಮುಟ್ಟುವುದೇ ಇಲ್ಲ. ಪೂರ್ತಿ ಬಿಚ್ಚಿ `D:\kelasa` ಥರದ ಗಿಡ್ಡ ಹೆಸರಿನ ಜಾಗಕ್ಕೆ ಹಾಕಿ. ಜಿಪ್ ಒಳಗೇ ಡಬಲ್ ಕ್ಲಿಕ್ ಮಾಡಿ ಡ್ರಾಯಿಂಗ್ ನೋಡಬೇಡಿ. ಆ ಒಂದೇ ಫೈಲ್ ತಾತ್ಕಾಲಿಕ ಜಾಗಕ್ಕೆ ಬರುತ್ತದೆ, ಅದರ ಎಕ್ಸ್‌ರೆಫ್ ಬರುವುದಿಲ್ಲ. ಆಗ ಚೆನ್ನಾಗಿರುವುದೂ ಹಾಳಾದ ಹಾಗೆ ಕಾಣುತ್ತದೆ. ಎಣಿಸಿ, ಹ್ಯಾಶ್ ಪಟ್ಟಿ ತೆಗೆದಿಡಿ.

ಆಮೇಲೆ ಈಗಾಗಲೇ ಫೋಲ್ಡರ್‌ನಲ್ಲಿರುವುದನ್ನು ಒಡೆಯಬೇಡಿ. ಕಾಲುಸಂಕದ ಫೋಲ್ಡರ್ ಇಡೀ ಫೋಲ್ಡರ್ ಆಗಿಯೇ ಸರಿಯಲಿ. ಒಳಗೆ ಎಷ್ಟೇ ಗಲೀಜಿರಲಿ, ಅದರೊಳಗಿನ ಫೈಲುಗಳಿಗೆ ಒಂದಕ್ಕೊಂದು ದಾರಿ ಗೊತ್ತಿದೆ. ನಿಮ್ಮ ಕೈ ಕೆಲಸ ಹೊರಗೆ ಬಿದ್ದಿರುವ ಮುನ್ನೂರು ಚಿಲ್ಲರೆ ಫೈಲಿನ ಮೇಲೆ ಮಾತ್ರ. ಪ್ರತಿಯೊಂದನ್ನೂ ತೆರೆದು ಯಾವ ಕೆಲಸದ್ದು ನೋಡಿ. ಗೊತ್ತಾದರೆ ಆ ಕೆಲಸದೊಳಗೆ "ಹೊರಗಿನಿಂದ ಬಂದದ್ದು" ಅಂತ ಒಂದು ಫೋಲ್ಡರ್ ಮಾಡಿ ಹಾಕಿ, ಒಳಗಿನ ಹೆಸರುಗಳ ಜೊತೆ ಡಿಕ್ಕಿ ಹೊಡೆಯಬಾರದು. ಗೊತ್ತಾಗದಿದ್ದರೆ "ಸರ್ ನೋಡಬೇಕು" ಅನ್ನುವ ಫೋಲ್ಡರ್‌ಗೆ. ಅಲ್ಲಿ ಐವತ್ತು ಫೈಲು ಉಳಿದರೂ ನಾಚಿಕೆಯಿಲ್ಲ. ಅಂದಾಜಿನ ಮೇಲೆ ತಪ್ಪು ಕೆಲಸಕ್ಕೆ ಸೇರಿಸಿದ ಒಂದು ಫೈಲು ಅದಕ್ಕಿಂತ ಜಾಸ್ತಿ ತೊಂದರೆ ಕೊಡುತ್ತದೆ.

ಏನೇ ಸರಿಸಿದರೂ ಎಕ್ಸೆಲ್‌ನಲ್ಲಿ ಎರಡು ಕಾಲಂ ಬರೆಯಿರಿ, ಎಲ್ಲಿತ್ತು, ಎಲ್ಲಿಗೆ ಹೋಯ್ತು. ಪಹಣಿಗೆ ಹೆಸರು ಬದಲಿಸುವ ಬದಲು ಅದೇ ಪಟ್ಟಿಯಲ್ಲಿ ಊರು, ಸರ್ವೆ ನಂಬರ್ ಬರೆಯಿರಿ.

ಕೊನೆಗೆ ಪ್ರತಿ ಕೆಲಸದ ಒಂದು ಎಸ್ಟಿಮೇಟ್, ಒಂದು ಡ್ರಾಯಿಂಗ್ ತೆರೆಯಿರಿ. ಮೊತ್ತವನ್ನು ಹಳೆಯ ಪ್ರಿಂಟ್ ಜೊತೆ ತಾಳೆ ನೋಡಿ. ಆಟೋಕ್ಯಾಡ್‌ನಲ್ಲಿ `XREF` ಕೊಟ್ಟರೆ ಪಟ್ಟಿ ಬರುತ್ತದೆ. ಅದರಲ್ಲಿ Not Found ಇಲ್ಲದಿದ್ದರೆ ಸಾಲದು. ಎಲ್ಲಿಂದ ಸಿಕ್ಕಿತು ಅನ್ನುವ ದಾರಿಯನ್ನೂ ಓದಿ.

ಗ್ರಂಥಾಲಯದ ಮೂಲೆ

ಡ್ರಾಯಿಂಗ್ ಬೋರ್ಡ್ ಅವರು ಹೇಳಿದ್ದು ದಾಖಲೆ ಕಾಪಾಡುವವರ ಹಳೆಯ ಕ್ರಮ ಕೂಡ. ಬಂದ ಗಂಟನ್ನು ಬಂದ ಕ್ರಮದಲ್ಲೇ ಇಟ್ಟು ಪಟ್ಟಿ ಮಾಡುವುದು. ಆದರೆ ನಾನು ಇನ್ನೂ ಒಂದು ಹೆಜ್ಜೆ ಹಿಂದೆ ನಿಲ್ಲುತ್ತೇನೆ. ಹೊರಗೆ ಬಿದ್ದ ಮುನ್ನೂರನ್ನೂ ಸರಿಸಬಾರದು. ಅವು ಒಟ್ಟಿಗೆ ಬಿದ್ದಿರುವುದೂ ಒಂದು ಸುಳಿವು. ಒಂದೇ ದಿನ, ಒಂದೇ ಮೀಟಿಂಗಿಗೆ ತೆಗೆದಿಟ್ಟಿರಬಹುದು. ಪಟ್ಟಿ ಮಾತ್ರ ಮಾಡಿ.

ಶಿವಮೊಗ್ಗ ರಾಘು

ಹಾಗಾದರೆ ಸರ್ ಬಂದು "ಏನು ಮಾಡಿದೆ" ಅಂದಾಗ ಪಟ್ಟಿ ತೋರಿಸುವುದಾ? ಜೋಡಿಸು ಅಂದವರಿಗೆ ಜೋಡಿಸಿದ್ದು ಕಾಣಬೇಕು. ಇದನ್ನು ನಾನು ಒಪ್ಪಲ್ಲ.

ಗ್ರಂಥಾಲಯದ ಮೂಲೆ

ಅವರಿಗೆ ಕಾಣಬೇಕಾದ್ದು ಹುಡುಕಿದ್ದು ಸಿಗುವುದು. ಪಟ್ಟಿಯಲ್ಲಿ ಸಿಕ್ಕರೆ ಸಾಲದೆ?

ಡ್ರಾಯಿಂಗ್ ಬೋರ್ಡ್

ಇಲ್ಲಿ ನಾನು ರಾಘು ಕಡೆ. ಆಫೀಸಿನಲ್ಲಿ ಪಟ್ಟಿ ತೆರೆದು ಹುಡುಕುವ ತಾಳ್ಮೆ ಯಾರಿಗೂ ಇರಲ್ಲ. ಬಿಚ್ಚಿದಾಗಿನ ಸ್ಥಿತಿ ಜಿಪ್‌ನಲ್ಲಿ, ಹ್ಯಾಶ್ ಪಟ್ಟಿಯಲ್ಲಿ ಉಳಿದಿರುತ್ತದೆ, ಸುಳಿವು ಕಳೆದುಹೋಗುವುದಿಲ್ಲ. ಆದರೆ ಮನೆತನದ ಹಳೆಯ ಕಾಗದವಾಗಿದ್ದರೆ ನಿಮ್ಮ ಮಾತೇ ಸರಿ.

ಮಂಡ್ಯದ ಮಂಜ

ಇಷ್ಟೆಲ್ಲ ಯಾಕೆ? ಶುಕ್ರವಾರವೇ "ಸರ್, ಕೆಲಸದ ಪ್ರಕಾರನಾ, ವರ್ಷದ ಪ್ರಕಾರನಾ" ಅಂತ ಒಂದು ಮಾತು ಕೇಳಿದ್ದರೆ ಆಗುತ್ತಿತ್ತಲ್ಲ.

ಸಾಗರದ ಚೈತ್ರ

ಕೇಳಬೇಕು ಅನಿಸಿತ್ತು. ಇಷ್ಟೂ ಗೊತ್ತಾಗಲ್ವಾ ಅಂತಾರೇನೋ ಅಂತ ಹೆದರಿಕೆಯಾಯ್ತು.

ಪಶ್ಚಿಮದ ಗಾಳಿ

ಕೇಳಿದ್ದರೂ "ಹೇಗಾದರೂ ಮಾಡಮ್ಮ" ಅನ್ನುತ್ತಿದ್ದರು. ನನ್ನ ಅನುಭವ ಹೇಳುತ್ತೇನೆ. "ಹೇಗೆ ಜೋಡಿಸಲಿ" ಅಂತ ಕೇಳಬೇಡಿ, "ಮುಂದಿನ ವಾರ ಇದರಲ್ಲಿ ಯಾವುದು ಬೇಕು ಸರ್" ಅಂತ ಕೇಳಿ. ಅದಕ್ಕೆ ಎಲ್ಲರೂ ಉತ್ತರ ಕೊಡುತ್ತಾರೆ. "ಕಾಲುಸಂಕದ ಬಿಲ್ಲು" ಅಂದರೆ ಕೆಲಸದ ಪ್ರಕಾರ ಜೋಡಿಸಬೇಕು ಅಂತ ಗೊತ್ತಾಯಿತು. "ಹೋದ ವರ್ಷದ ಬಿಲ್ಲುಗಳೆಲ್ಲ, ಆಡಿಟರ್ ಕೇಳಿದ್ದಾರೆ" ಅಂದರೆ ವರ್ಷದ ಪ್ರಕಾರ.

ಬೆಂಗಳೂರು ಬಸ್ಸು

ಫೋಲ್ಡರ್ ಹೆಸರು ಕನ್ನಡದಲ್ಲಿ ಇಡುತ್ತೀರಾ? ನನಗೆ ಆಸೆ. ಆದರೆ ಕನ್ನಡದಲ್ಲಿ ಹೆಸರು ಉದ್ದವಾಗಿ ವಿಂಡೋಸ್‌ನ 260 ಅಕ್ಷರದ ಮಿತಿ ದಾಟುತ್ತದೆ ಅಂತ ಯಾರೋ ಹೇಳಿದರು.

ಹಳೇ ಡಿಟಿಪಿ

ಎಣಿಸಿ ನೋಡಿ. `Krishnapura` 11 ಅಕ್ಷರ. "ಕೃಷ್ಣಾಪುರ" ವಿಂಡೋಸ್ ಲೆಕ್ಕದಲ್ಲಿ 9, ಒತ್ತು, ಕೊಂಬು ಎಲ್ಲ ಬಿಡಿಯಾಗಿ ಎಣಿಸಿದರೂ ಸಹ. ಲಿನಕ್ಸ್‌ನಲ್ಲಿ ಮಾತ್ರ ಲೆಕ್ಕ ಬೇರೆ. ಅಲ್ಲಿ ಒಂದು ಹೆಸರಿಗೆ ಸಾಮಾನ್ಯವಾಗಿ 255 ಬೈಟ್ ಮಿತಿ, ಕನ್ನಡದ ಒಂದೊಂದು ಗುರುತಿಗೂ 3 ಬೈಟ್, ಅಂದರೆ 85. ಫೋಲ್ಡರ್ ಹೆಸರಿಗೆ ಅದೂ ಧಾರಾಳ.

ಡ್ರಾಯಿಂಗ್ ಬೋರ್ಡ್

ಹೊಸ ಫೋಲ್ಡರ್‌ಗೆ ಕನ್ನಡ ಹೆಸರು ಇಡಿ, ನಾನೂ ಇಡುತ್ತೇನೆ. ಡ್ರಾಯಿಂಗ್ ಇರುವ ಹಳೆಯ ಫೋಲ್ಡರ್‌ನ ಹೆಸರು ಮಾತ್ರ ಬದಲಿಸಬೇಡಿ. ಯಾವ ಎಕ್ಸ್‌ರೆಫ್ ಪೂರ್ತಿ ದಾರಿ ಹಿಡಿದು ಕೂತಿದೆಯೋ ಗೊತ್ತಿರಲ್ಲ.

ಉಡುಪಿ ಅಮ್ಮ

ವಾಟ್ಸಾಪ್ ಫೋಟೊ ಬೇರೆ ಮಾಡಿದೆ. 740 ಬಂತು! ಬಸ್ಸಿನವರಿಗೆ ಒಳ್ಳೆಯದಾಗಲಿ.

ಸಾಗರದ ಚೈತ್ರ (ಎರಡು ದಿನದ ನಂತರ)

ಮತ್ತೆ ಶುರುವಿಂದ ಮಾಡಿದೆ. 1,214 ಬಿಚ್ಚಿದೆ, 1,214 ಇವೆ. ಕೆಲಸದ ಫೋಲ್ಡರ್ 31 ಹಾಗೇ ಇಟ್ಟೆ. ಹೊರಗೆ 338 ಬಿದ್ದಿದ್ದವು. ಅದರಲ್ಲಿ 270 ಯಾವ ಕೆಲಸದ್ದು ಅಂತ ಗೊತ್ತಾಯ್ತು, 41 ಮನೆಯವರ ಫೋಟೊ, 27 "ಸರ್ ನೋಡಬೇಕು"ಗೆ ಹೋಯ್ತು. ಕಾಲುಸಂಕದ ಎಸ್ಟಿಮೇಟ್ ತೆಗೆದೆ, 11,84,300 ಬಂತು. ಸರ್ 27ನ್ನೂ ನನ್ನ ಪಕ್ಕ ಕೂತು ನೋಡಿದರು, ಅರ್ಧ ಗಂಟೆ ಹಿಡಿಯಿತು. `section_B` ತೋರಿಸಿದಾಗ ಏನೂ ಮಾತಾಡಲಿಲ್ಲ, ತಕ್ಷಣ ಸೈಟಿಗೆ ಫೋನ್ ಮಾಡಿದರು.

ಒಂದು ಮಾತ್ರ ಉಳಿದಿದೆ. ಹೊರಗೆ ಬಿದ್ದಿದ್ದ `hole_survey.dwg` ಕಾಲುಸಂಕಕ್ಕೂ ಬೇಕು, ಪಕ್ಕದ ತಡೆಗೋಡೆ ಕೆಲಸಕ್ಕೂ ಬೇಕು. ಎರಡೂ ಪ್ಲಾನ್‌ಗೆ ಅದೇ ಎಕ್ಸ್‌ರೆಫ್. ಎಲ್ಲಿಡಲಿ?

ಶಿವಮೊಗ್ಗ ರಾಘು

ಎರಡರಲ್ಲೂ ಒಂದೊಂದು ಇಡಿ. ಆ ಚೌಕಟ್ಟು ಮೂವತ್ತೊಂದು ಕಡೆ ಇದೆಯಲ್ಲ, ಹಾಗೇ.

ಡ್ರಾಯಿಂಗ್ ಬೋರ್ಡ್

ಚೌಕಟ್ಟು ಬದಲಾಗಲ್ಲ ರಾಘು. ಸರ್ವೆ ಬದಲಾಗುತ್ತದೆ. ಮಳೆಗಾಲ ಮುಗಿದ ಮೇಲೆ ದಂಡೆ ಮತ್ತೆ ಅಳೆದರೆ ಒಂದರಲ್ಲಿ ಹೊಸದು, ಇನ್ನೊಂದರಲ್ಲಿ ಹಳೆಯದು ಉಳಿಯುತ್ತದೆ. ನಾನಾದರೆ "ಸರ್ವೆ" ಅಂತ ಬೇರೆ ಫೋಲ್ಡರ್ ಮಾಡಿ, ಎರಡೂ ಪ್ಲಾನ್‌ನಲ್ಲಿ ದಾರಿ ಬದಲಿಸುತ್ತೇನೆ.

ಪಶ್ಚಿಮದ ಗಾಳಿ

ಆದರೆ ನಾಳೆ ಕಾಲುಸಂಕದ ಫೋಲ್ಡರ್ ಮಾತ್ರ ಜಿಪ್ ಮಾಡಿ ಯಾರಿಗೋ ಕಳಿಸಿದರೆ ಸರ್ವೆ ಅದರೊಳಗೆ ಇರಲ್ಲವಲ್ಲ?

ಡ್ರಾಯಿಂಗ್ ಬೋರ್ಡ್

ಅದಕ್ಕೆ `ETRANSMIT` ಇದೆ. ಡ್ರಾಯಿಂಗಿಗೆ ಬೇಕಾದ್ದನ್ನೆಲ್ಲ ಅದೇ ಹುಡುಕಿ ಜೊತೆಗೆ ಕಟ್ಟಿಕೊಡುತ್ತದೆ. ಆದರೆ ಎಲ್ಲರೂ ನೆನಪಿಟ್ಟು ಅದನ್ನೇ ಬಳಸಬೇಕು.

ಪಶ್ಚಿಮದ ಗಾಳಿ

ನಮ್ಮ ಆಫೀಸಿನಲ್ಲಿ ಯಾರೂ ಬಳಸಲ್ಲ. ನಾವು ಎರಡು ಕಾಪಿ ಇಟ್ಟು ಹೆಸರಿನಲ್ಲಿ ಅಳತೆಯ ತಿಂಗಳು ಬರೆಯುತ್ತೇವೆ.

ಸಾಗರದ ಚೈತ್ರ

ನಮ್ಮಲ್ಲಿ ಫೋಲ್ಡರ್ ಜಿಪ್ ಮಾಡಿಯೇ ಕಳಿಸುವುದು. ಸದ್ಯಕ್ಕೆ ಫೈಲ್ ಇದ್ದಲ್ಲೇ ಇದೆ. ಎರಡೂ ದಾರಿ ಬರೆದು ಸರ್ ಮೇಜಿನ ಮೇಲಿಟ್ಟಿದ್ದೇನೆ, ಅವರು ಯಾವುದು ಅನ್ನುತ್ತಾರೋ ನೋಡಿ ಇಲ್ಲಿ ಹೇಳುತ್ತೇನೆ.